ಗೆಳೆಯನ ಪ್ರಪೋಸಲ್ಲು, 30 ಸಾವಿರ ಮತ್ತು 80 ಸಾವಿರ

ಮೊನ್ನೆ ಬೆಳಿಗ್ಗೆ ಜರ್ನಲ್ ಸ್ಕ್ವೇರ್‌ನಲ್ಲಿ ಪಾಥ್ ರೈಲು ಹತ್ತಿ ಕೂತವನು ಮೊಬೈಲಿನಲ್ಲಿ ಇಪ್ಪತ್ತೆರಡು ಪುಟದ ಪಿಡಿಎಫ್ ಓದ್ತಾ ಇದ್ದೆ. ಕಳಿಸಿದ್ದು ಇಂಜಿನಿಯರಿಂಗ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು. ಹಾಸನ ಜಿಲ್ಲೆಯ ಅವನೂರಲ್ಲಿ ಪುಟ್ಟ ಟ್ರಸ್ಟ್ ಮಾಡಿಕೊಂಡು ಹುಡುಗರಿಗೆ ಮನೆ ವೈರಿಂಗ್, ಮೋಟರ್ ರಿವೈಂಡಿಂಗ್ ಕಲಿಸ್ತಾನೆ. ಈಗ ಬೆಂಗಳೂರಿನ ಒಂದು ಕಂಪನಿಯ ಸಿಎಸ್‌ಆರ್ ತಂಡಕ್ಕೆ 36 ಲಕ್ಷದ ಪ್ರಪೋಸಲ್ ಬರೆದಿದ್ದಾನೆ. ಜೊತೆಗೆ ಒಂದು ಸಾಲು: "ಲೋ, ನಿಮ್ ಅಮೇರಿಕಾ ಕಂಪನಿ ಹತ್ರಾನೂ ಕೇಳೋ!"

ಅಮೇರಿಕಾದ ವಿಷಯ ಬೇಗ ಮುಗಿಸಿಬಿಡ್ತೀನಿ. ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು ಅನ್ನೋದು ಭಾರತದ 2013ರ ಕಂಪನಿ ಕಾಯ್ದೆ, ದೊಡ್ಡ ಕಂಪನಿಗಳಿಗೆ 2014ರ ಏಪ್ರಿಲ್‌ನಿಂದ ಜಾರಿ. ಇಲ್ಲಿ ಅಂಥ ಕಾನೂನಿಲ್ಲ. ನಾನು ಕೊಟ್ಟಷ್ಟನ್ನೇ ನಮ್ಮ ಆಫೀಸೂ ಸೇರಿಸಿ ಕೊಡುತ್ತೆ, ಆದರೆ ಇಲ್ಲಿ ನೋಂದಾಯಿಸಿದ ಸಂಸ್ಥೆಗೆ ಮಾತ್ರ. ಹಾಗಾಗಿ ಅವನ ಪಾಲಿಗೆ ಬೆಂಗಳೂರೇ ಗತಿ.

ಈಗ ಪ್ರಪೋಸಲ್. ಮೊದಲ ಹತ್ತು ಪುಟ ನಿರುದ್ಯೋಗದ ಪ್ರಬಂಧ. ಅದನ್ನ ಆ ತಂಡದವರು ದಿನಕ್ಕೆ ನಾಲ್ಕು ಸಲ ಓದಿರ್ತಾರೆ, ಬಿಡಿ. ಹದಿನಾಲ್ಕನೇ ಪುಟದಲ್ಲಿ ಬಜೆಟ್ಟು: ಕಟ್ಟಡ ರಿಪೇರಿ 11 ಲಕ್ಷ, ಉಪಕರಣ 9, ಕಲಿಸುವವರ ಸಂಬಳ 10, "ಇತರೆ" 6. ಮೂವತ್ತು ಜನದ ನಾಲ್ಕು ಬ್ಯಾಚು, ವರ್ಷಕ್ಕೆ 120 ಹುಡುಗರು, ತಲೆಗೆ 30,000 ರೂಪಾಯಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದಾನೆ.

ಕಟ್ಟಡ ಬಾಡಿಗೆಯದ್ದು! 2021ರಲ್ಲಿ ತಿದ್ದಿದ ಸಿಎಸ್‌ಆರ್ ನಿಯಮದ ಪ್ರಕಾರ ಈ ದುಡ್ಡಲ್ಲಿ ಆಸ್ತಿ ಮಾಡಿದರೆ ಅದು ಸಿಎಸ್‌ಆರ್ ನೋಂದಣಿ ಸಂಖ್ಯೆ ಇರೋ ಟ್ರಸ್ಟು ಅಥವಾ ಸೊಸೈಟಿ, ಫಲಾನುಭವಿಗಳು, ಇಲ್ಲವೇ ಸರ್ಕಾರಿ ಸಂಸ್ಥೆ, ಇಂಥವರ ಹೆಸರಲ್ಲೇ ಇರಬೇಕು. ಮನೆ ಓನರ್ ಈ ಪಟ್ಟಿಯಲ್ಲಿ ಇಲ್ಲ. ವೈಂಡಿಂಗ್ ಮೆಷೀನು, ಟೆಸ್ಟಿಂಗ್ ಬೋರ್ಡು ಟ್ರಸ್ಟಿನ ಹೆಸರಲ್ಲಿ ತಗೊಂಡರೆ ತೊಂದರೆ ಇಲ್ಲ.

ಆ "ಇತರೆ"ಯ ಕಥೆ ಇನ್ನೂ ಮಜವಾಗಿದೆ. ಊರೂರು ತಿರುಗಿ ಹುಡುಗರನ್ನ ಸೇರಿಸೋ ಸಂಯೋಜಕನ ಸಂಬಳವನ್ನ ಅದರೊಳಗೆ ಅಡಗಿಸಿಟ್ಟಿದ್ದಾನೆ. ಯಾಕೋ ಅಂದ್ರೆ, "ಆಡಳಿತ ಖರ್ಚು ಶೇಕಡಾ 5 ದಾಟಬಾರದಂತೆ" ಅಂದ. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋ ಸಾಮಾನ್ಯ ಖರ್ಚಿಗೆ. ಒಂದು ಯೋಜನೆಯನ್ನ ನಡೆಸೋಕೆ, ಅದರ ಮೇಲೆ ಕಣ್ಣಿಡೋಕೆ ನೇರವಾಗಿ ಆಗೋ ಖರ್ಚು ಅದರಲ್ಲಿ ಬರಲ್ಲ. ಸರಿಯಾದ ಖರ್ಚನ್ನ ಕಳ್ಳಮಾಲಿನ ಥರ ಬಚ್ಚಿಟ್ಟರೆ ಓದುವವರಿಗೆ ಇಡೀ ಬಜೆಟ್ಟಿನ ಮೇಲೇ ಅನುಮಾನ ಬರಲ್ವೇ?

ಆದರೆ ನನ್ನ ನಿಜವಾದ ತಕರಾರು ಆ 30,000ದ ಬಗ್ಗೆ. ಹೋದ ವರ್ಷದ ರಿಜಿಸ್ಟರ್ ಕಳಿಸು ಅಂದೆ. ಸೇರಿದವರು 40, ಮುಗಿಸಿದವರು 34, ಕೆಲಸಕ್ಕೆ ಹೋದವರು 24, ಆರು ತಿಂಗಳ ಮೇಲೂ ಕೆಲಸದಲ್ಲಿ ಇದ್ದವರು 15. ಇದೇ ಲೆಕ್ಕದಲ್ಲಿ 120ಕ್ಕೆ ಉಳಿಯೋದು 45. 36 ಲಕ್ಷವನ್ನ 45ರಿಂದ ಭಾಗಿಸಿದರೆ 80,000. ಅನುಭವ ಇರೋ ಸಿಎಸ್‌ಆರ್ ಅಧಿಕಾರಿ ಪೆನ್ಸಿಲ್ಲಲ್ಲಿ ಪಕ್ಕದಲ್ಲಿ ಬರೆದುಕೊಳ್ಳೋದು ಈ ಸಂಖ್ಯೆನೇ. ಅದಕ್ಕೇ ನಾವೇ ಮೊದಲು ಬರೆಯಬೇಕು ಅಂತ ನನ್ನ ವಾದ. ಅವನು ಎರಡು ದಿನ ಮಾತಾಡಲಿಲ್ಲ.

ಆಮೇಲೆ ಬಿಟ್ಟುಬಂದ ಆ ಒಂಬತ್ತು ಹುಡುಗರಿಗೆ ತಾನೇ ಫೋನ್ ಮಾಡಿದ. ಆರು ಜನ ಮೊದಲ ಒಂದೂವರೆ ತಿಂಗಳಲ್ಲೇ ವಾಪಸ್. ಕೆಲಸ ಬರ್ತಿತ್ತು, ಆದರೆ ಬೆಂಗಳೂರಲ್ಲಿ ರೂಮಿನ ಅಡ್ವಾನ್ಸು ಮೊದಲ ದಿನ ಕೊಡಬೇಕು, ಕಂಟ್ರಾಕ್ಟರ್ ಸಂಬಳ ಕೊಡೋದು ನಲವತ್ತನೇ ದಿನ. ಇದನ್ನ ಯಾವ ಸಿಲೆಬಸ್ಸೂ ಸರಿಮಾಡಲ್ಲ.

ಧರ್ಮಸ್ಥಳದವರು 1982ರಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟಿ ನೆನಪಾಯ್ತು. ಅಲ್ಲಿ ತರಬೇತಿ ಕೆಲವೇ ವಾರ, ಆದರೆ ಕಲಿತು ಹೋದವರ ಬೆನ್ನು ಹಿಡಿದು ವಿಚಾರಿಸೋದು ಎರಡು ವರ್ಷ. ದೇಶದ ಆರ್‌ಸೆಟಿಗಳಿಗೆಲ್ಲ ಅದೇ ಮಾದರಿ ಆಯ್ತು. ನಮ್ಮವನ 22 ಪುಟದಲ್ಲಿ ತರಬೇತಿ ಮುಗಿದ ಮೇಲಿನ ದಿನಗಳಿಗೆ ಒಂದು ಪೈಸೆಯೂ ಇರಲಿಲ್ಲ.

ಕಟ್ಟಡದ 11 ಲಕ್ಷ ತೆಗೆದ್ವಿ. ಕೆಲಸಕ್ಕೆ ಹೋಗೋ 72 ಜನಕ್ಕೆ ಮೊದಲ ಎರಡು ತಿಂಗಳು 2,500ರಂತೆ 3.6 ಲಕ್ಷ, ಫೋನ್ ಮಾಡಿ ವಿಚಾರಿಸೋಕೆ ಒಬ್ಬರಿಗೆ ವರ್ಷಕ್ಕೆ 1.8 ಲಕ್ಷ ಹಾಕಿದ್ವಿ. ಒಟ್ಟು 30.4 ಲಕ್ಷಕ್ಕೆ ಇಳೀತು. 45ರ ಬದಲು 60 ಜನ ಉಳಿದರೆ ತಲೆಗೆ ಸುಮಾರು 50,700. ಉಳೀತಾರಾ? ಖಾತ್ರಿ ಇಲ್ಲ, ಹಾಗಂತಲೇ ಬರೆದಿದ್ದೀವಿ: ಮೊದಲ ಎರಡು ಬ್ಯಾಚಿನ ಲೆಕ್ಕ ನೋಡಿಯೇ ಉಳಿದ ಕಂತು ಕೊಡಿ ಅಂತ.

ಈಗ ಪ್ರಪೋಸಲ್ ಎಂಟು ಪುಟ. ಬಾಗಿಲ ಮೇಲೆ ಕಂಪನಿ ಹೆಸರಿನ ದೊಡ್ಡ ಬೋರ್ಡಿನ ಚಿತ್ರ ಮಾತ್ರ ತೆಗೆಯೋಕೆ ಅವನು ಸುತಾರಾಂ ಒಪ್ಪಲಿಲ್ಲ. ಇರಲಿ ಬಿಡಿ, ಕೊಡೋರಿಗೂ ಒಂದು ಆಸೆ ಇರುತ್ತಲ್ಲ.