ಕಡಲು ಎಷ್ಟು ನುಂಗಿತು? ಮೊದಲು ಗೂಟ ಹೊಡೆದು ಅಳೆಯೋಣ

ಕೊಡಗಿನವನಿಗೆ ಕಡಲ್ಕೊರೆತದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಮಗೆ ಕಡಲಿಲ್ಲ, ನಿಜ. ಆದರೆ ಪುಷ್ಪಗಿರಿ ಕಡೆಯ ಬೆಟ್ಟದಲ್ಲಿ ಹುಟ್ಟುವ ಕುಮಾರಧಾರ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಉಳ್ಳಾಲದ ಪಕ್ಕದಲ್ಲಿ ಕಡಲಿಗೆ ಇಳಿಯುತ್ತದೆ. ಅಲ್ಲಿನ ದಡದ ಮರಳಿನಲ್ಲಿ ನಮ್ಮ ಬೆಟ್ಟದ ಪಾಲೂ ಇದೆ. ಇನ್ನೊಂದು ಕಾರಣವೂ ಇದೆ. ಆ ದಡವನ್ನು ಅಳೆಯುವ ವಿಧಾನ ನಮ್ಮ ಕಾವೇರಿ ದಡಕ್ಕೂ ಬೇಕಾಗಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಉಳ್ಳಾಲದ ಕಡೆ ನೆಂಟರ ಮನೆಗೆ ಹೋಗಿದ್ದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಮನೆ ಹಿಂದಿನ ತೆಂಗಿನ ಮರದ ಬೇರು ಗಾಳಿಯಲ್ಲಿ ನೇತಾಡುತ್ತಿತ್ತು. ಫೋನ್ ತೆಗೆದು ಗೂಗಲ್ ಅರ್ಥ್‌ನಲ್ಲಿ ಹಳೆಯದೊಂದು ಉಪಗ್ರಹ ಚಿತ್ರ ನೋಡಿದೆ, ಪಕ್ಕದಲ್ಲಿ ಹೊಸದನ್ನು ಇಟ್ಟೆ, ಅಳತೆಪಟ್ಟಿ ಎಳೆದೆ. ಮೂವತ್ತು ಮೀಟರ್ ವ್ಯತ್ಯಾಸ ಕಂಡಿತು. 'ಮೂವತ್ತು ಮೀಟರ್ ನುಂಗಿದ ಕಡಲು' ಅಂತ ಸುದ್ದಿ ಕಳಿಸಿದೆ, ಅಚ್ಚೂ ಆಯಿತು. ಆಮೇಲೆ ಗಮನಿಸಿದರೆ ಹಳೆಯ ಚಿತ್ರ ಫೆಬ್ರವರಿಯದು, ಹೊಸದು ಮಳೆಗಾಲ ಮುಗಿದ ಕೂಡಲೇ ತೆಗೆದದ್ದು.

ಕರಾವಳಿಯವರಿಗೆ ಇದು ಗೊತ್ತಿರುವ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಅಲೆಗಳು ದಡದ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹುಪಾಲನ್ನು ಮೆಲ್ಲಗೆ ವಾಪಸ್ ತಂದು ಹಾಕುತ್ತವೆ. ಬೇಸಿಗೆಯ ಹೊತ್ತಿಗೆ ಬೀಚ್ ಮತ್ತೆ ಅಗಲವಾಗುತ್ತದೆ. ಅಂದರೆ ನಾನು ಅಳೆದದ್ದು ವರ್ಷಗಳ ನಷ್ಟವನ್ನಲ್ಲ, ಒಂದು ಮಳೆಗಾಲದ ಏರಿಳಿತವನ್ನು. ನೆಂಟರ ಮನೆಗೆ ಅಪಾಯ ಇದ್ದದ್ದು ನಿಜ, ಆದರೆ ನನ್ನ ಲೆಕ್ಕ ಸುಳ್ಳು. ಇಂಥ ಒಂದು ಸುಳ್ಳು ಲೆಕ್ಕ ಸಿಕ್ಕರೆ ಸಾಕು, ಪರಿಹಾರ ಕೊಡಬೇಕಾದವರು ಉಳಿದ ನಿಜವನ್ನೂ ತಳ್ಳಿಹಾಕುತ್ತಾರೆ.

ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ? ಕಾಫಿ ತೋಟದಲ್ಲಿ ಹೊಸ ಗಿಡ ಹಾಕುವಾಗ ಲೈನಿಂಗ್ ಮಾಡುವುದನ್ನು ನೆನಪಿಸಿಕೊಳ್ಳಿ. ಮೊದಲು ಒಂದು ಉದ್ದ ಹಗ್ಗ ಕಟ್ಟುತ್ತೇವೆ. ಅದರ ಮೇಲೆ ಸಮ ಅಂತರದಲ್ಲಿ ಗೂಟ ಹೊಡೆದು, ಪ್ರತಿ ಗೂಟದಿಂದ ಅಡ್ಡಕ್ಕೆ ಸಾಲು ಎಳೆಯುತ್ತೇವೆ. ದಡದ ಅಳತೆಯೂ ಹೀಗೆಯೇ. ಕಡಲು ಮುಟ್ಟದಷ್ಟು ಒಳಗೆ, ದಡಕ್ಕೆ ಸಮಾನಾಂತರವಾಗಿ ನಕ್ಷೆಯ ಮೇಲೆ ಒಂದು ಗೆರೆ ಹಾಕುತ್ತಾರೆ. ಇದು ಬೇಸ್‌ಲೈನ್, ನಮ್ಮ ಹಗ್ಗ. ಅದರ ಮೇಲೆ ಐವತ್ತು ಅಥವಾ ನೂರು ಮೀಟರ್‌ಗೊಂದರಂತೆ ಕಡಲಿನ ಕಡೆಗೆ ನೇರ ಅಡ್ಡಗೆರೆಗಳನ್ನು ಎಳೆಯುತ್ತಾರೆ. ಇವೇ ಟ್ರಾನ್ಸೆಕ್ಟ್‌ಗಳು. ಬೇರೆ ಬೇರೆ ವರ್ಷದ ಉಪಗ್ರಹ ಚಿತ್ರಗಳಿಂದ ದಡದ ಅಂಚನ್ನು ಬರೆದುಕೊಂಡು, ಪ್ರತಿ ಅಡ್ಡಗೆರೆಯನ್ನು ಯಾವ ವರ್ಷದ ದಡ ಎಲ್ಲಿ ಕತ್ತರಿಸುತ್ತದೆ ಅಂತ ನೋಡುತ್ತಾರೆ. ಬೇಸ್‌ಲೈನ್‌ನಿಂದ ಅಲ್ಲಿಗೆ ಇರುವ ದೂರವೇ ಆ ವರ್ಷದ ಅಳತೆ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಇದಕ್ಕಾಗಿ ಡಿಎಸ್‌ಎಎಸ್ ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿದೆ.

ಒಂದು ಅಡ್ಡಗೆರೆಯ ಲೆಕ್ಕ ಮಾಡೋಣ. ಅಂಕಿಗಳು ಅರ್ಥವಾಗಲಿ ಅಂತ ನಾನೇ ಇಟ್ಟುಕೊಂಡವು. ಬೇಸ್‌ಲೈನ್‌ನಿಂದ ದಡ 1990ರಲ್ಲಿ 180 ಮೀಟರ್ ದೂರ ಇತ್ತು ಅನ್ನಿ. 2000ದಲ್ಲಿ 150, 2010ರಲ್ಲಿ 146, 2020ರಲ್ಲಿ 144. ಮೊದಲ ಮತ್ತು ಕೊನೆಯ ಅಳತೆ ಮಾತ್ರ ಹಿಡಿದರೆ 30 ವರ್ಷದಲ್ಲಿ 36 ಮೀಟರ್ ನಷ್ಟ, ವರ್ಷಕ್ಕೆ 1.2 ಮೀಟರ್. ವರದಿಯಲ್ಲಿ ಬರುವುದು ಸಾಮಾನ್ಯವಾಗಿ ಇಂಥ ಒಂದು ಅಂಕಿ. ಆದರೆ ನಡುವಿನ ವರ್ಷಗಳನ್ನು ನೋಡಿ. ಮೊದಲ ಹತ್ತು ವರ್ಷದಲ್ಲೇ 30 ಮೀಟರ್ ಹೋಗಿದೆ, ಆಮೇಲಿನ ಇಪ್ಪತ್ತು ವರ್ಷದಲ್ಲಿ ಆರೇ ಮೀಟರ್. ವರ್ಷಕ್ಕೆ 1.2 ಮೀಟರ್ ಎಂಬ ವೇಗದಲ್ಲಿ ಆ ದಡ ಯಾವ ದಶಕದಲ್ಲೂ ಹಿಂದೆ ಸರಿದಿಲ್ಲ. ಆ ಮೊದಲ ಹತ್ತು ವರ್ಷದಲ್ಲಿ ಏನಾಯಿತು, ಆಮೇಲೆ ಏನು ನಿಲ್ಲಿಸಿತು ಎನ್ನುವುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಎರಡೇ ಚಿತ್ರ ಇಟ್ಟುಕೊಂಡರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ನಿಲ್ಲಿಸಿದ್ದು ಬಹಳ ಸಲ ಕಲ್ಲಿನ ತಡೆಗೋಡೆ. ಬಂಡೆ ಸುರಿದ ಮೇಲೆ ದಡದ ಗೆರೆ ಅಲ್ಲೇ ಅಂಟಿಕೊಳ್ಳುತ್ತದೆ. ಉಪಗ್ರಹದ ಕಣ್ಣಿಗೆ ಕೊರೆತ ಸೊನ್ನೆ. ಆದರೆ ಗೋಡೆ ಮುಂದಿನ ಮರಳು ಹೋಗಿ, ದೋಣಿ ಎಳೆದಿಡಲೂ ಜಾಗ ಇಲ್ಲದಿರಬಹುದು. ಹಾಗಾಗಿ 'ಸ್ಥಿರ' ಅಂತ ಬರೆದ ಕಡೆ ಮರಳಿದೆಯೋ ಕಲ್ಲಿದೆಯೋ ಅಂತ ಹೋಗಿಯೇ ನೋಡಬೇಕು.

ಇನ್ನು ಅಳತೆಯ ತಪ್ಪಿನ ಮಾತು. ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್. ಅದರೊಳಗೆ ದಡ ಎಲ್ಲಿದೆ ಅಂತ ಹೇಳುವಾಗ 15 ಮೀಟರ್ ಆಚೀಚೆ ಆಗುವುದು ಸಹಜ. ಉಬ್ಬರ ಇಳಿತವೂ ಸೇರುತ್ತದೆ. ಹದಿನೈದು ಮೀಟರ್‌ಗೆ ಒಂದು ಮೀಟರ್ ಇಳಿಜಾರಿರುವ ಬೀಚಿನಲ್ಲಿ ನೀರು ಒಂದು ಮೀಟರ್ ಏರಿದರೆ ಅಂಚು ಹದಿನೈದು ಮೀಟರ್ ಒಳಗೆ ಬಂದಂತೆ ಕಾಣುತ್ತದೆ. ಹಾಗಾಗಿ ಅನುಭವಿಗಳು ಆ ಹೊತ್ತಿನ ನೀರಿನ ಅಂಚನ್ನು ಹಿಡಿಯುವುದಿಲ್ಲ. ಹಿಂದಿನ ಉಬ್ಬರ ಬಿಟ್ಟುಹೋದ ಒದ್ದೆ ಮರಳಿನ ಗುರುತನ್ನೋ, ಗಿಡಬಳ್ಳಿ ಶುರುವಾಗುವ ಗೆರೆಯನ್ನೋ ಹಿಡಿಯುತ್ತಾರೆ. ಯಾವುದನ್ನು ಹಿಡಿದರೂ ಎಲ್ಲ ವರ್ಷಕ್ಕೂ ಅದನ್ನೇ ಹಿಡಿಯಬೇಕು.

ಎರಡು ಚಿತ್ರದಲ್ಲೂ 15 ಮೀಟರ್ ಅನುಮಾನ ಇದ್ದರೆ ಒಟ್ಟು ಅನುಮಾನ ಸುಮಾರು 21 ಮೀಟರ್. (ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಸಿಗುವುದು ಇದು.) 30 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.7 ಮೀಟರ್. ನಮ್ಮ 1.2 ಮೀಟರ್ ಇದಕ್ಕಿಂತ ದೊಡ್ಡದು, ಆದ್ದರಿಂದ ಕೊರೆತ ಇದೆ ಅಂತ ಹೇಳಬಹುದು. ಅದೇ ಚಿತ್ರಗಳ ನಡುವೆ ಐದೇ ವರ್ಷ ಅಂತರ ಇದ್ದರೆ ಅನುಮಾನ ವರ್ಷಕ್ಕೆ ನಾಲ್ಕು ಮೀಟರ್ ದಾಟುತ್ತದೆ. ಆಗ 'ವರ್ಷಕ್ಕೆ ಎರಡು ಮೀಟರ್ ಕೊರೆತ' ಅನ್ನುವುದಕ್ಕೆ ಅರ್ಥವೇ ಇಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ, ಸರಾಸರಿ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಚಿತ್ರಗಳಿಂದ ದೇಶದ ದಡವನ್ನೆಲ್ಲ ಹೋಲಿಸಿ ನೋಡಿದೆ. ಕರ್ನಾಟಕದ ಸುಮಾರು 313 ಕಿಲೋಮೀಟರ್ ದಡದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊರೆಯುತ್ತಿದೆ, ಅರ್ಧ ಸ್ಥಿರ, ಉಳಿದ ಕಾಲು ಭಾಗ ಬೆಳೆಯುತ್ತಿದೆ. ಕೇಳಿದರೆ ಸಮಾಧಾನ ಆಗುತ್ತದೆ, ಹೋದಷ್ಟು ಬಂದಿದೆಯಲ್ಲ ಅಂತ.

ಉಳ್ಳಾಲಕ್ಕೆ ಹೋಗಿ ನೋಡಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಬಾಗಿಲಿನಿಂದ ಕಡಲು ಸೇರುತ್ತವೆ. ಅದರ ಬಡಗಿಗೆ ಬೆಂಗ್ರೆ, ತೆಂಕಿಗೆ ಉಳ್ಳಾಲ. ದೋಣಿಗಳಿಗೆ ದಾರಿ ಉಳಿಯಲಿ ಅಂತ 1990ರ ದಶಕದಲ್ಲಿ ಬಾಗಿಲಿನ ಎರಡೂ ಕಡೆ ಕಡಲೊಳಕ್ಕೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ಇಂಥ ಗೋಡೆ ದಡದುದ್ದಕ್ಕೂ ಓಡಾಡುವ ಮರಳಿಗೆ ಅಡ್ಡ ನಿಲ್ಲುತ್ತದೆ. ಬೆಂಗ್ರೆ ಕಡೆ ಮರಳು ಸೇರಿತು, ಉಳ್ಳಾಲದ ಕಡೆ ದಡ ಸವೆಯಿತು. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಉಳ್ಳಾಲದ ಮುಂದೆ ಕಡಲೊಳಗೆ ರೀಫ್‌ಗಳನ್ನು ಕಟ್ಟಬೇಕಾಯಿತು. ಇಂಥ ಜಾಗದಲ್ಲಿ ಹತ್ತು ಅಡ್ಡಗೆರೆ ಎಳೆದು, ಐದರಲ್ಲಿ ವರ್ಷಕ್ಕೆ ಎರಡು ಮೀಟರ್ ಲಾಭ, ಐದರಲ್ಲಿ ಎರಡು ಮೀಟರ್ ನಷ್ಟ ಬಂದರೆ ಸರಾಸರಿ ಸೊನ್ನೆ. ಆದರೆ ಬೆಂಗ್ರೆಯಲ್ಲಿ ಸೇರಿದ ಮರಳಿನ ಮೇಲೆ ಉಳ್ಳಾಲದವರು ಮನೆ ಕಟ್ಟಲಾಗುವುದಿಲ್ಲ. ಅಡ್ಡಗೆರೆಗಳನ್ನು ಸಮ ಅಂತರದಲ್ಲಿ ಎಳೆಯುವುದೇ ಎಲ್ಲಿ ಹೋಯಿತು, ಎಲ್ಲಿ ಬಂತು ಅಂತ ಬೇರೆ ಬೇರೆಯಾಗಿ ತಿಳಿಯಲಿಕ್ಕೆ. ಕಷ್ಟಪಟ್ಟು ಬಿಡಿಸಿದ ಲೆಕ್ಕವನ್ನು ಕೊನೆಗೆ ಒಂದೇ ಅಂಕಿಯಾಗಿ ಕಲಸಿಬಿಟ್ಟರೆ ಬಿಡಿಸಿ ಏನು ಬಂತು?

ಹಾಗಾಗಿ ನನ್ನ ಒತ್ತಾಯ ಇಷ್ಟು. ತಡೆಗೋಡೆಗೆ ಹಣ ಮಂಜೂರಾದಾಗ ಆ ದಡದ ಪ್ರತಿ ಅಡ್ಡಗೆರೆಯ ಲೆಕ್ಕವನ್ನು, ಚಿತ್ರದ ತಿಂಗಳು ಮತ್ತು ತಪ್ಪಿನ ಅಂದಾಜಿನ ಸಮೇತ, ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಕೆಲಸ ಆಗುವ ಜಾಗ ಮಾತ್ರವಲ್ಲ, ಅದರ ಎರಡೂ ಪಕ್ಕದ ಒಂದೆರಡು ಕಿಲೋಮೀಟರ್ ಲೆಕ್ಕವೂ ಇರಬೇಕು. ಯಾಕೆಂದರೆ ಗೋಡೆ ಒಬ್ಬರ ಮನೆ ಉಳಿಸಿ ಕೊರೆತವನ್ನು ಪಕ್ಕದವರ ಮನೆಗೆ ದಾಟಿಸಬಹುದು.

ಈಗ ನಮ್ಮೂರಿಗೆ ಬರೋಣ. 2019ರ ಆಗಸ್ಟ್ ಪ್ರವಾಹದಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ದಡದ ಮನೆಗಳು ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಮಳೆಗಾಲ ಬಂತೆಂದರೆ ದಡ ಬಿಡಿ ಅನ್ನುವ ಮಾತು ಶುರುವಾಗುತ್ತದೆ. ಯಾವ ಮನೆ ದಡದಿಂದ ಎಷ್ಟು ದೂರ ಇತ್ತು, ಈಗ ಎಷ್ಟಿದೆ ಅಂತ ಕೇಳಿದರೆ ಬಾಯಿಮಾತಿನ ಉತ್ತರ ಸಿಗುತ್ತದೆ. ಇಲ್ಲಿ ಉಪಗ್ರಹವನ್ನು ನಂಬಿ ಪ್ರಯೋಜನ ಇಲ್ಲ. ಹೊಳೆ ದಡದ ಬಿದಿರು, ಮರಗಳ ಕೊಂಬೆ ಅಂಚನ್ನೇ ಮುಚ್ಚಿರುತ್ತವೆ. ವರ್ಷಕ್ಕೆ ಅರ್ಧ ಮೀಟರ್ ಜರಿಯುವ ದಡಕ್ಕೆ 30 ಮೀಟರ್ ಚುಕ್ಕಿಯ ಚಿತ್ರ ಏನೂ ಹೇಳುವುದಿಲ್ಲ.

ಆದರೆ ಟೇಪು ಹೇಳುತ್ತದೆ. ದಡದಿಂದ ಮೂವತ್ತು ಮೀಟರ್ ಒಳಗೆ, ಇಪ್ಪತ್ತು ಮೀಟರ್‌ಗೊಂದು ಕಲ್ಲು ನೆಡಿ, ನಂಬರ್ ಬರೆಯಿರಿ. ಪ್ರತಿ ಕಲ್ಲಿನಿಂದ ನೇರವಾಗಿ, ದಡದ ಮೇಲಂಚಿನವರೆಗೆ ಟೇಪು ಹಿಡಿದು ಅಳೆಯಿರಿ. ಪ್ರತಿ ಜನವರಿಯಲ್ಲಿ ಒಂದು ಸಲ, ದೊಡ್ಡ ನೆರೆ ಇಳಿದ ಮೇಲೆ ಇನ್ನೊಂದು ಸಲ. ಟೇಪು ಹಿಡಿದ ಫೋಟೊ ತೆಗೆದು ತಾರೀಖು ಬರೆದಿಡಿ. ಸರಾಸರಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಹೊಳೆ ದಡ ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ರಾತ್ರಿ ನಾಲ್ಕು ಮೀಟರ್ ಜರಿಯಬಹುದು. ಮನೆ ಉಳಿಯುತ್ತದೋ ಇಲ್ಲವೋ ಅನ್ನುವುದಕ್ಕೆ ಒಂದೇ ಸಲಕ್ಕೆ ಅತಿ ಹೆಚ್ಚು ಎಷ್ಟು ಹೋಯಿತು ಎಂಬ ಅಂಕಿಯೇ ಮುಖ್ಯ.

ಮನೆ ಖಾಲಿ ಮಾಡಿ ಅನ್ನುವವರೂ, ಮಾಡುವುದಿಲ್ಲ ಅನ್ನುವವರೂ ಆ ಕಲ್ಲಿನ ಪಕ್ಕ ನಿಂತು ಮಾತಾಡಲಿ. ನಮ್ಮ ಓಣಿಯಲ್ಲಿ ಈ ಜನವರಿಯಿಂದ ಶುರು ಮಾಡುತ್ತಿದ್ದೇವೆ. ಟೇಪು ನನ್ನದು. ಹಿಡಿಯಲು ಇನ್ನೊಂದು ಕೈ ಬೇಕು.