‘ಹತ್ತು ಸಾವಿರ ರೀಚ್’ ಅಂದರೆ ಎಷ್ಟು ಜನ?

ಉಪ್ಪಳದ ಬಟ್ಟೆ ಅಂಗಡಿಯೊಂದರ ಮಾಲಕರು ಈದ್ ಮಾರಾಟಕ್ಕಾಗಿ ಊರಿನ ಫೇಸ್‌ಬುಕ್ ಪೇಜೊಂದರಲ್ಲಿ ಮೂರು ದಿನ ಜಾಹೀರಾತು ಹಾಕಿಸಿದರು ಎಂದಿಟ್ಟುಕೊಳ್ಳಿ. ಪೇಜ್ ನಡೆಸುವ ಹುಡುಗ ಸ್ಕ್ರೀನ್‌ಶಾಟ್ ಕಳುಹಿಸುತ್ತಾನೆ. ಮೊದಲ ದಿನದ ರೀಚ್ 4,000, ಮತ್ತೆರಡು ದಿನ 3,000ದಂತೆ. ‘ಒಟ್ಟು ಹತ್ತು ಸಾವಿರ ಜನ ನೋಡಿದ್ದಾರೆ’ ಅಂತ ಕೆಳಗೊಂದು ಸಾಲು. ಅದೇ ಡ್ಯಾಶ್‌ಬೋರ್ಡಿನಲ್ಲಿ ಮೂರೂ ದಿನಗಳನ್ನು ಒಟ್ಟಿಗೆ ಆಯ್ಕೆ ಮಾಡಿದರೆ ರೀಚ್ 6,000 ಮಾತ್ರ. ಪಕ್ಕದಲ್ಲೇ ಇಂಪ್ರೆಶನ್ 14,000 ಎಂದಿದೆ. ಹುಡುಗ ಮೋಸ ಮಾಡಿದನೇ? ಹಾಗೇನಿಲ್ಲ. ಕೂಡಿಸಬಾರದ್ದನ್ನು ಕೂಡಿಸಿದ್ದಾನೆ, ಅಷ್ಟೇ. ಆದರೆ ಹಣ ಕೊಟ್ಟವರಿಗೆ ನಾಲ್ಕು ಸಾವಿರ ಜನ ಕಡಿಮೆಯಾದರು.

ಗೊಂದಲ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಒಂದೇ ಮನೆಯ ಲೆಕ್ಕ ಸಾಕು. ಮಗ ದುಬೈಯಲ್ಲಿ. ಊರಲ್ಲಿ ಉಮ್ಮ ಮತ್ತು ಮಗಳು, ಇಬ್ಬರಿಗೂ ಸೇರಿ ಒಂದೇ ಫೋನ್, ಒಂದೇ ಫೇಸ್‌ಬುಕ್ ಖಾತೆ. ಜಾಹೀರಾತು ಮಗನ ಕಣ್ಣಿಗೆ ಮೂರು ಸಲ ಬಿತ್ತು, ಮನೆಯ ಫೋನಿನಲ್ಲಿ ಎರಡು ಸಲ. ಪರದೆಯ ಮೇಲೆ ಬಂದ ಪ್ರತಿ ಸಲವೂ ಒಂದು ಇಂಪ್ರೆಶನ್, ಹಾಗಾಗಿ ಇಂಪ್ರೆಶನ್ ಐದು. ರೀಚ್ ಎಣಿಸುವುದು ಖಾತೆಗಳನ್ನು, ಆದ್ದರಿಂದ ಅದು ಎರಡು. ಇನ್ನು ಅಂಗಡಿಯ ವೆಬ್‌ಸೈಟಿಗೆ ಬಂದವರನ್ನು ಗೂಗಲ್ ಅನಾಲಿಟಿಕ್ಸ್ ಸಾಮಾನ್ಯವಾಗಿ ಬ್ರೌಸರಿನಲ್ಲಿ ಉಳಿಯುವ ಕುಕಿಯಿಂದ ಗುರುತಿಸುತ್ತದೆ. ಮಗ ಫೇಸ್‌ಬುಕ್ ಆ್ಯಪ್‌ನ ಒಳಗಿಂದಲೇ ಒಮ್ಮೆ ಲಿಂಕ್ ತೆರೆದ, ಫೋನಿನ ಕ್ರೋಮ್‌ನಲ್ಲಿ ಇನ್ನೊಮ್ಮೆ, ಆಫೀಸಿನ ಕಂಪ್ಯೂಟರಿನಲ್ಲಿ ಮತ್ತೊಮ್ಮೆ. ಒಬ್ಬನೇ ಮೂವರಾದ. ಮನೆಯ ಫೋನ್ ಸೇರಿದರೆ ನಾಲ್ಕು. ನಿಜವಾಗಿ ಇರುವವರು ಮೂವರು. ಐದು, ಎರಡು, ನಾಲ್ಕು ಎಲ್ಲವೂ ಸರಿಯಾದ ಎಣಿಕೆಗಳೇ, ಮೂರು ಅಂತ ಮಾತ್ರ ಯಾವ ಪರದೆಯೂ ತೋರಿಸಲಿಲ್ಲ.

ಯೂಟ್ಯೂಬ್‌ನ ‘ಯೂನಿಕ್ ವ್ಯೂವರ್ಸ್’ ಈ ಸಮಸ್ಯೆಯನ್ನು ಬೇರೆ ದಾರಿಯಿಂದ ಬಿಡಿಸಲು ನೋಡುತ್ತದೆ. ಒಬ್ಬನೇ ಹಲವು ಸಾಧನಗಳಲ್ಲಿ ನೋಡುವುದನ್ನೂ, ಹಲವರು ಒಂದೇ ಸಾಧನ ಹಂಚಿಕೊಳ್ಳುವುದನ್ನೂ ಗಮನಕ್ಕೆ ತಂದುಕೊಂಡು ಅದು ಒಂದು ಅಂದಾಜು ಕೊಡುತ್ತದೆ. ಅಂದಾಜು ಎಂಬ ಮಾತನ್ನು ಅವರೇ ಹೇಳುತ್ತಾರೆ. ಸ್ಕ್ರೀನ್‌ಶಾಟ್ ಹಂಚುವವರು ಹೇಳುವುದಿಲ್ಲ. ಅಲ್ಲಿ ಇಂಪ್ರೆಶನ್‌ನ ಅರ್ಥವೂ ಬೇರೆ. ವೀಡಿಯೊದ ಥಂಬ್‌ನೈಲ್ ಅರ್ಧಕ್ಕಿಂತ ಕಡಿಮೆಯಾಗದಂತೆ, ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಯೂಟ್ಯೂಬ್‌ನೊಳಗೇ ಕಾಣಿಸಿದರೆ ಮಾತ್ರ ಒಂದು ಇಂಪ್ರೆಶನ್. ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ಲಿಂಕ್ ಒತ್ತಿ ನೋಡಿದರೆ ವ್ಯೂ ಸಿಗುತ್ತದೆ, ಇಂಪ್ರೆಶನ್ ಸಿಗುವುದಿಲ್ಲ. ಗಲ್ಫ್‌ನಲ್ಲಿ ವೀಕ್ಷಕರಿರುವ ನಮ್ಮ ಕಡೆಯ ಚಾನೆಲ್‌ಗಳಲ್ಲಿ ಕೆಲವೊಮ್ಮೆ ಇಂಪ್ರೆಶನ್‌ಗಿಂತ ವ್ಯೂ ಜಾಸ್ತಿ ಕಂಡರೆ ಗಾಬರಿಪಡಬೇಕಿಲ್ಲ.

ದಿನದಿನದ ರೀಚ್ ಕೂಡಿಸುವ ತಪ್ಪನ್ನು ಫೇಸ್‌ಬುಕ್ ಕಂಪೆನಿಯೇ ಮಾಡಿತ್ತು. ಪೇಜ್‌ಗಳ ಡ್ಯಾಶ್‌ಬೋರ್ಡಿನಲ್ಲಿ 7 ದಿನ ಮತ್ತು 28 ದಿನಗಳ ರೀಚ್ ತೋರಿಸುವಾಗ, ಮರಳಿ ಬಂದವರನ್ನು ಕಳೆಯದೆ ಪ್ರತಿದಿನದ ಸಂಖ್ಯೆಯನ್ನು ಹಾಗೆಯೇ ಕೂಡಿಸಲಾಗಿತ್ತು. 2016ರ ನವೆಂಬರ್‌ನಲ್ಲಿ ಕಂಪೆನಿ ಇದನ್ನು ಒಪ್ಪಿಕೊಂಡಿತು. ಸರಿಪಡಿಸಿದ ಮೇಲೆ ವಾರದ ಸಂಖ್ಯೆ ಸರಾಸರಿ ಶೇ. 33, 28 ದಿನಗಳದ್ದು ಶೇ. 55 ಇಳಿಯುತ್ತದೆ ಎಂದು ಅದೇ ತಿಳಿಸಿತು. ಅವಧಿ ಉದ್ದವಾದಷ್ಟೂ ಅಂತರ ಹೆಚ್ಚಿದ್ದನ್ನು ಗಮನಿಸಿ. ಒಬ್ಬನೇ ವೀಕ್ಷಕ ಮತ್ತೆ ಮತ್ತೆ ಬರುವುದಕ್ಕೆ ಅಷ್ಟು ದಿನಗಳು ಸಿಗುತ್ತವಲ್ಲ.

ಎಣಿಸುವ ನಿಯಮವೂ ನಿಂತಲ್ಲಿ ನಿಲ್ಲುವುದಿಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವೀಡಿಯೊ ಶುರುವಾದರೂ, ಮರಳಿ ಓಡಿದರೂ ಒಂದು ವ್ಯೂ. ಇಂತಿಷ್ಟು ಹೊತ್ತು ನೋಡಿರಬೇಕು ಎಂಬ ಷರತ್ತು ಇಲ್ಲ. ಹಳೆಯ ಲೆಕ್ಕ ‘ಎಂಗೇಜ್ಡ್ ವ್ಯೂಸ್’ ಎಂಬ ಹೆಸರಲ್ಲಿ ಬೇರೆಯೇ ಸಿಗುತ್ತದೆ. ಆ ದಿನಾಂಕದ ಹಿಂದಿನ ಮತ್ತು ಮುಂದಿನ ವ್ಯೂಗಳನ್ನು ಹೋಲಿಸಿ ‘ನಮ್ಮ ಚಾನೆಲ್ ಬೆಳೆಯಿತು’ ಅನ್ನುವವರು ಮೊದಲು ಈ ಎರಡನೇ ಸಂಖ್ಯೆಯನ್ನು ನೋಡಬೇಕು.

ಬಟ್ಟೆ ಅಂಗಡಿಯವರು ಕೇಳಬೇಕಾದ್ದು ಎರಡೇ ಪ್ರಶ್ನೆ. ಜಾಹೀರಾತು ಓಡಿದ ಪೂರ್ತಿ ಅವಧಿಯನ್ನು ಒಮ್ಮೆಗೇ ಆಯ್ದಾಗ ರೀಚ್ ಎಷ್ಟು, ಅದರಲ್ಲಿ ಕಾಸರಗೋಡು, ಮಂಗಳೂರು ಕಡೆಯವರು ಎಷ್ಟು? ದುಬೈಯಲ್ಲಿರುವವರು ಉಪ್ಪಳದ ಅಂಗಡಿಗೆ ಬಂದು ಬಟ್ಟೆ ಕೊಳ್ಳುವುದು ಊರಿಗೆ ಬಂದಾಗ ಮಾತ್ರ. ಇದೇ ಜಾಹೀರಾತು ಯೂಟ್ಯೂಬ್‌ನಲ್ಲೂ ಓಡಿ ಅಲ್ಲಿ 3,000 ಯೂನಿಕ್ ವ್ಯೂವರ್ಸ್ ಕಂಡರೆ, ಫೇಸ್‌ಬುಕ್‌ನ 6,000ಕ್ಕೆ ಅದನ್ನು ಸೇರಿಸಿ 9,000 ಎನ್ನುವಂತಿಲ್ಲ. ಎರಡೂ ಕಡೆ ನೋಡಿದವರು ಯಾರೆಂದು ಒಂದು ಕಂಪೆನಿಗೆ ಇನ್ನೊಂದು ಹೇಳುವುದಿಲ್ಲ. ಎರಡೂ ಅಂದಾಜುಗಳನ್ನು ನಂಬಿದರೂ ಉತ್ತರ 6,000 ಮತ್ತು 9,000ದ ನಡುವೆ ಎಲ್ಲೋ ಇದೆ.