ಕಲ್ಲಿನ ಮೇಲಿನ ಕಥೆ: ಅಬ್ಬಲೂರು ಶಾಸನ ಹೇಳುವುದೇನು?

ಶರಣಕವಿಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಒಂದು ಸುಲಭ ಸೂತ್ರವನ್ನು ಹಿಡಿಯುತ್ತಾರೆ: ಬಾಯಿಮಾತು ಐತಿಹ್ಯ, ಬರಹ ಇತಿಹಾಸ. ಚನ್ನಗಿರಿ, ಹೊನ್ನಾಳಿಗಳ ವಾಯವ್ಯಕ್ಕೆ, ಹಾವೇರಿ ಜಿಲ್ಲೆಗೆ ಸೇರಿದ ಅಬ್ಬಲೂರಿನ ಶಾಸನವೊಂದು ಈ ಸೂತ್ರ ಎಷ್ಟು ದುರ್ಬಲವೆಂಬುದನ್ನು ತೋರಿಸುತ್ತದೆ.

ಸುಮಾರು ಕ್ರಿ.ಶ. 1200ರ ಈ ಶಾಸನವನ್ನು ಫ್ಲೀಟ್ 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದನು. ಇದರ ನಾಯಕ ಏಕಾಂತದ ರಾಮಯ್ಯ. ವಚನಕಾರರ ಸಾಲಿನಲ್ಲಿಯೂ ಎಣಿಸಲ್ಪಡುವವನು. ಶಾಸನದ ಪ್ರಕಾರ ಅವನು ಸಂಕಗೌಂಡನ ನೇತೃತ್ವದ ಜೈನರೊಡನೆ ಪಣತೊಟ್ಟು, ತಲೆಯನ್ನು ಕತ್ತರಿಸಿ ಶಿವನಿಗೆ ಅರ್ಪಿಸಿ, ಏಳು ದಿನಗಳ ಬಳಿಕ ಅದನ್ನು ಮರಳಿ ಪಡೆದನು. ಜೈನರು ಪಣದ ಮಾತಿಗೆ ತಪ್ಪಿದಾಗ ಜಿನಬಿಂಬವನ್ನು ಭಗ್ನಗೊಳಿಸಿದನು. ದೂರು ಬಿಜ್ಜಳನ ಬಳಿಗೆ ಹೋಗಿ, ರಾಮಯ್ಯನಿಗೆ ಜಯಪತ್ರ ದೊರೆಯಿತು. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ಅಲ್ಲಿನ ಶಿವಾಲಯಕ್ಕೆ ದತ್ತಿ ನೀಡಿದರು.

ಬರಹವಿದ್ದಲ್ಲಿ ನಂಬಬೇಕೆಂದರೆ ಕಡಿದ ತಲೆ ಕೂಡಿದ್ದನ್ನೂ ನಂಬಬೇಕು. ಪವಾಡವಿದ್ದಲ್ಲಿ ತಳ್ಳಬೇಕೆಂದರೆ ದತ್ತಿಗಳನ್ನೂ ತಳ್ಳಬೇಕು. ಎರಡೂ ಸಲ್ಲವು. ಒಂದೇ ಕಲ್ಲಿನಲ್ಲಿ ಎರಡು ಬಗೆಯ ಮಾತುಗಳಿವೆ. ದತ್ತಿಯ ಭಾಗ ಹಕ್ಕುಪತ್ರ. ಅರಸ, ಊರು, ದೇವಾಲಯಗಳ ಹೆಸರು ತಪ್ಪಿದರೆ ಅದರ ಉದ್ದೇಶವೇ ಕೆಡುತ್ತದೆ. ಇತರ ಶಾಸನಗಳೊಡನೆ ಇದನ್ನು ಒರೆಹಚ್ಚಿ ನೋಡಬಹುದು. ಕಥಾಭಾಗವಾದರೋ ಆ ದತ್ತಿಗೆ ಕಾರಣ ಹೇಳುವ, ಫಲಾನುಭವಿಗಳ ಪಕ್ಷದ ನಿರೂಪಣೆ. ಅದು ಕಲ್ಲಿಗೆ ಏರಿದ ಬಾಯಿಮಾತು.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಭೀಮಕವಿಯ ಬಸವಪುರಾಣದಲ್ಲಿಯೂ (1369) ರಾಮಯ್ಯನ ಕಥೆ ಬರುವುದರಿಂದ ಎರಡು ಸಾಕ್ಷಿಗಳು ದೊರೆತವೆಂದು ಬರೆಯುವವರಿದ್ದಾರೆ. ಒಂದೇ ಪಂಥದ ಸ್ಮೃತಿಯಿಂದ ಎರಡೂ ಹೊರಟಿದ್ದರೆ ಸಾಕ್ಷಿ ಒಂದೇ. ಇವುಗಳ ಸಾಮ್ಯಕ್ಕಿಂತ ವ್ಯತ್ಯಾಸವೇ ಹೆಚ್ಚು ಉಪಯುಕ್ತ: ಪುರಾಣದಲ್ಲಿ ಈ ಕಥೆ ಬಸವಣ್ಣನ ಚರಿತ್ರೆಯ ಅಂಗ, ಶಾಸನದಲ್ಲಿ ಬಸವಣ್ಣನ ಹೆಸರೇ ಇಲ್ಲ. ಸ್ಥಳೀಯ ಕಥೆಯೊಂದು ಕಾಲಾಂತರದಲ್ಲಿ ದೊಡ್ಡ ಚರಿತ್ರೆಯೊಳಗೆ ಸೇರಿಕೊಂಡ ದಾರಿ ಇದರಿಂದ ಕಾಣುತ್ತದೆ.

ಹಾಗೆಂದು ಕಥಾಭಾಗ ನಿರುಪಯೋಗಿಯಲ್ಲ. ಅಬ್ಬಲೂರಿನಲ್ಲಿ ಗೌಂಡನೊಬ್ಬನ ಮುಂದಾಳುತನದ ಜೈನ ಸಮುದಾಯವಿತ್ತು, ಶೈವರೊಡನೆ ಸಂಘರ್ಷ ನಡೆದಿತ್ತು ಎಂಬಷ್ಟನ್ನು ಅದರಿಂದ ಗ್ರಹಿಸಬಹುದು. ಆದರೆ ಸೋತವರೆನ್ನಲಾದವರ ಮಾತು ಈ ಕಲ್ಲಿನಲ್ಲಿಲ್ಲ. ಜೈನರು ಪಣಕ್ಕೆ ಒಪ್ಪಿದ್ದರೇ, ಮಾತಿಗೆ ತಪ್ಪಿದರೇ ಎಂಬುದನ್ನು ಎದುರುಪಕ್ಷದ ಹೇಳಿಕೆಯೊಂದರಿಂದಲೇ ತೀರ್ಮಾನಿಸಲಾಗದು.

ಆದ್ದರಿಂದ ಪ್ರಬಂಧದಲ್ಲಿ ಕ್ರಿಯಾಪದಗಳ ಆಯ್ಕೆಯೇ ನಿರ್ಣಾಯಕ. 'ಸೋಮೇಶ್ವರನು ದತ್ತಿ ನೀಡಿದನು' ಎಂದು ಬರೆಯಬಹುದು. 'ರಾಮಯ್ಯನ ತಲೆ ಮರಳಿ ಕೂಡಿತು' ಎಂದು ಬರೆಯಲಾಗದು. 'ಕೂಡಿತೆಂದು ಸುಮಾರು 1200ರ ವೇಳೆಗೆ ಅಬ್ಬಲೂರಿನ ಶೈವರು ಕಲ್ಲಿನಲ್ಲಿ ಬರೆಸಿದರು' ಎನ್ನಬಹುದು. ಈ ಎರಡನೆಯ ವಾಕ್ಯವೂ ಇತಿಹಾಸವೇ: ಘಟನೆಯದಲ್ಲ, ನಂಬಿಕೆಯ ಇತಿಹಾಸ.